ಸಾವಿರದ ಪ್ರತಿಗೆ ತಗಲುವ ದುಡಿಮೆ

ಓದುಗರ ಪ್ರಶ್ನೆ: ಅತ್ತಿಮಬ್ಬೆ ಹತ್ತನೇ ಶತಮಾನದಲ್ಲೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಶಾಲೆಯಲ್ಲಿ ಓದಿದ್ದೇವೆ. ಕೈಬರಹದಲ್ಲೇ ಸಾವಿರ ಪ್ರತಿ ಸಾಧ್ಯವಿತ್ತು ಎಂದಮೇಲೆ, ಮುದ್ರಣಯಂತ್ರ ಬಂದೊಡನೆ ಯುರೋಪಿನಲ್ಲಿ ವಿಚಾರಗಳು ಅಷ್ಟು ಬೇಗ ಹರಡಿದ್ದು ಹೇಗೆ? ಯಂತ್ರದ ವೇಗವೊಂದೇ ಇದಕ್ಕೆ ಕಾರಣವೇ?

ಉತ್ತರ: ಯಂತ್ರದ ವೇಗ ಕಾರಣಗಳಲ್ಲಿ ಒಂದು, ಆದರೆ ಮುಖ್ಯವಾದದ್ದಲ್ಲ. ಕೈಬರಹದಲ್ಲಿ ಮೊದಲ ಪ್ರತಿಗೆ ಎಷ್ಟು ದುಡಿಮೆ ಬೇಕೋ ಸಾವಿರದ ಪ್ರತಿಗೂ ಅಷ್ಟೇ ಬೇಕು. ಅಚ್ಚಿನಲ್ಲಿ ದುಡಿಮೆಯ ಬಹುಭಾಗ ಮೊದಲ ಪ್ರತಿ ಹೊರಬರುವ ಮುನ್ನವೇ ಮುಗಿದಿರುತ್ತದೆ, ಅನಂತರದ ಪ್ರತಿಗಳಿಗೆ ಕಾಗದ, ಮಸಿ ಮತ್ತು ಸ್ವಲ್ಪ ತೋಳ್ಬಲ ಸಾಕು. ಈ ಒಂದು ವ್ಯತ್ಯಾಸದಿಂದ ಪುಸ್ತಕಕ್ಕೆ ಹಣ ಹಾಕುವವರು ಬದಲಾದರು, ಅದನ್ನು ಯಾರಿಗಾಗಿ ಮಾಡುತ್ತಾರೆಂಬುದು ಬದಲಾಯಿತು, ಒಂದು ಊರಿನಿಂದ ಇನ್ನೊಂದು ಊರಿಗೆ ಅದು ಸಾಗುವ ಬಗೆಯೂ ಬದಲಾಯಿತು. ಹದಿನೈದನೇ ಶತಮಾನದ ಫ್ಲಾರೆನ್ಸ್ ನಗರದ ಒಂದು ಲೆಕ್ಕ ಮತ್ತು 1517ರಿಂದ ಕೆಲವು ವರ್ಷ ಜರ್ಮನಿಯಲ್ಲಿ ನಡೆದ ಒಂದು ವಾದ, ಇವೆರಡನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಮೊದಲಿಗೆ, ಕೈಬರಹದ ಕಾಲವನ್ನು ನಾವು ಹಗುರವಾಗಿ ಕಾಣಬಾರದು. ಪ್ಯಾರಿಸ್ ಮತ್ತು ಬೊಲೋನ್ಯಾ ವಿಶ್ವವಿದ್ಯಾಲಯಗಳಲ್ಲಿ ಹದಿಮೂರನೇ ಶತಮಾನದ ಹೊತ್ತಿಗೇ ಪಠ್ಯಗಳನ್ನು ನಕಲು ಮಾಡಲು ಒಂದು ಜಾಣ ವ್ಯವಸ್ಥೆ ಇತ್ತು. ವಿಶ್ವವಿದ್ಯಾಲಯ ಪರಿಶೀಲಿಸಿ ಒಪ್ಪಿದ ಮೂಲಪ್ರತಿಯನ್ನು ಹೊಲಿಯದೆ ಬಿಡಿ ಕಂತೆಗಳಾಗಿ ಪುಸ್ತಕ ವ್ಯಾಪಾರಿಯ ಬಳಿ ಇಡಲಾಗುತ್ತಿತ್ತು. ವಿದ್ಯಾರ್ಥಿಗಳೂ ಕೂಲಿಗೆ ಬರೆಯುವವರೂ ಒಂದೊಂದು ಕಂತೆಯನ್ನು ಬಾಡಿಗೆಗೆ ಒಯ್ದು, ನಕಲು ಮಾಡಿಕೊಂಡು, ಹಿಂದಿರುಗಿಸಿ ಮುಂದಿನ ಕಂತೆಯನ್ನು ಪಡೆಯುತ್ತಿದ್ದರು. ಹೀಗೆ ಒಂದೇ ಮೂಲದಿಂದ ಹಲವರು ಏಕಕಾಲಕ್ಕೆ ನಕಲು ಮಾಡುವುದು ಸಾಧ್ಯವಾಗಿತ್ತು. ಹದಿನೈದನೇ ಶತಮಾನದಲ್ಲಿ ಫ್ಲಾರೆನ್ಸಿನ ಹೆಸರಾಂತ ಪುಸ್ತಕ ವ್ಯಾಪಾರಿ ವೆಸ್ಪಾಸಿಯಾನೋ ದ ಬಿಸ್ಟಿಚ್ಚಿ, ಆ ನಗರದ ಸಿರಿವಂತ ಧುರೀಣ ಕೋಸಿಮೋ ದ ಮೆಡಿಚಿಯ ಕೋರಿಕೆಯಂತೆ 45 ಲಿಪಿಕಾರರನ್ನು ನೇಮಿಸಿ 22 ತಿಂಗಳಲ್ಲಿ 200 ಸಂಪುಟಗಳನ್ನು ಸಿದ್ಧಪಡಿಸಿ ಕೊಟ್ಟೆನೆಂದು ಹೇಳಿಕೊಂಡಿದ್ದಾನೆ. ಆ ಕಾಲಕ್ಕೆ ಅದು ನಿಜಕ್ಕೂ ದೊಡ್ಡ ಸಾಧನೆ. ಆದರೂ ಭಾಗಿಸಿ ನೋಡಿದರೆ, ಒಬ್ಬ ಲಿಪಿಕಾರನಿಗೆ ಒಂದು ಸಂಪುಟ ಮುಗಿಸಲು ಸುಮಾರು ಐದು ತಿಂಗಳು ಹಿಡಿದಂತಾಯಿತು. ಇನ್ನೂ ಇನ್ನೂರು ಸಂಪುಟ ಬೇಕಾದರೆ ಇನ್ನೂ 22 ತಿಂಗಳು ಬೇಕು, ಅಥವಾ ಇನ್ನೂ 45 ಜನ ಬೇಕು.

ಅದೇ ಫ್ಲಾರೆನ್ಸಿನಲ್ಲಿ ಸಾನ್ ಯಾಕೋಪೋ ದಿ ರಿಪೋಲಿ ಎಂಬ ಡೊಮಿನಿಕನ್ ಸನ್ಯಾಸಿನಿಯರ ಮಠವೊಂದಿತ್ತು. ಆ ಮಠಕ್ಕೆ ಸೇರಿದ ಅಚ್ಚುಕೂಟದಲ್ಲಿ ಸನ್ಯಾಸಿನಿಯರೂ ಮೊಳೆ ಜೋಡಿಸುತ್ತಿದ್ದರು. 1483ರ ಸುಮಾರಿಗೆ ಮಾರ್ಸಿಲಿಯೋ ಫಿಚೀನೋ ಲ್ಯಾಟಿನ್ನಿಗೆ ಅನುವಾದಿಸಿದ್ದ ಪ್ಲೇಟೋನ ಸಂವಾದಗಳನ್ನು ಅಚ್ಚು ಹಾಕುವ ಕೆಲಸ ಅಲ್ಲಿಗೆ ಬಂತು. ಐದು ಹಾಳೆಗಳನ್ನು ಒಂದರೊಳಗೊಂದು ಮಡಿಸಿದ ಪ್ರತಿ ಕಂತೆಗೆ, ಅಂದರೆ ಇಪ್ಪತ್ತು ಪುಟಗಳಿಗೆ, ಮೂರು ಫ್ಲೋರಿನ್ ಕೂಲಿಯೆಂದು ಗೊತ್ತುಮಾಡಲಾಯಿತು. ಅಷ್ಟೇ ಪುಟಗಳನ್ನು ಕೈಯಿಂದ ನಕಲು ಮಾಡಲು ಒಬ್ಬ ಲಿಪಿಕಾರ ಕೇಳಬಹುದಾಗಿದ್ದದ್ದು ಒಂದು ಫ್ಲೋರಿನ್. ಒಂದೇ ಪ್ರತಿ ಸಾಕಿದ್ದವನಿಗೆ ಅಚ್ಚು ಮೂರು ಪಟ್ಟು ದುಬಾರಿ. ಆದರೆ ಲಿಪಿಕಾರನಿಗೆ ಕೊಟ್ಟ ಒಂದು ಫ್ಲೋರಿನ್ನಿಗೆ ಬರುತ್ತಿದ್ದದ್ದು ಒಂದು ಪ್ರತಿ, ಅಚ್ಚುಕೂಟಕ್ಕೆ ಕೊಟ್ಟ ಮೂರು ಫ್ಲೋರಿನ್ನಿಗೆ ಬಂದದ್ದು 1,025 ಪ್ರತಿಗಳು. ಎರಡೂ ಕಡೆ ಪ್ರತಿಯೊಂದು ಪ್ರತಿಗೂ ಕಾಗದ ಬೇಕೇ ಬೇಕಾದ್ದರಿಂದ ಪುಸ್ತಕದ ಬೆಲೆ ಮುನ್ನೂರು ಪಟ್ಟು ಇಳಿಯಲಿಲ್ಲ ಎಂಬುದು ನಿಜ, ಅಚ್ಚಿನ ಖರ್ಚಿನಲ್ಲಿ ಕಾಗದದ ಪಾಲೇ ದೊಡ್ಡದಾಗಿರುತ್ತಿತ್ತು. ಆದರೆ ಪ್ರತಿಯೊಂದಕ್ಕೆ ತಗಲುವ ಮನುಷ್ಯರ ದುಡಿಮೆ ಮುನ್ನೂರು ಪಟ್ಟಿಗಿಂತ ಹೆಚ್ಚು ಅಗ್ಗವಾಯಿತು.

ಆ ಮೂರು ಫ್ಲೋರಿನ್ನಿನ ದುಡಿಮೆ ಎಲ್ಲಿ ಖರ್ಚಾಗುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸೀಸಕ್ಕೆ ತವರ ಮತ್ತು ಆಂಟಿಮನಿ ಬೆರೆಸಿ ಎರಕ ಹೊಯ್ದ ಅಚ್ಚುಮೊಳೆಗಳು ಖಾನೆಗಳಿರುವ ಮರದ ಪೆಟ್ಟಿಗೆಯಲ್ಲಿ ಅಕ್ಷರವಾರು ಇರುತ್ತವೆ. ಮೊಳೆ ಜೋಡಿಸುವವನು ಒಂದೊಂದೇ ಅಕ್ಷರವನ್ನು ತೆಗೆದು, ತಲೆಕೆಳಗಾಗಿ, ಕನ್ನಡಿಯಲ್ಲಿ ಕಾಣುವಂತೆ ಸಾಲುಗಟ್ಟಿಸುತ್ತಾನೆ. ಸಾಲಿನ ಉದ್ದ ಸರಿಹೊಂದುವವರೆಗೆ ಪದಗಳ ನಡುವೆ ಅಚ್ಚೊತ್ತದ ತುಂಡುಗಳನ್ನು ಸೇರಿಸುತ್ತಾನೆ. ಸಾಲುಗಳು ಪುಟವಾಗಿ, ಹಾಳೆಯ ಒಂದು ಮಗ್ಗುಲಿಗೆ ಬೇಕಾದಷ್ಟು ಪುಟಗಳು ಸೇರಿದ ಮೇಲೆ ಅವನ್ನು ಚೌಕಟ್ಟಿನಲ್ಲಿ ಬಿಗಿದರೆ ಒಂದು ಫಾರಂ ಆಗುತ್ತದೆ. ಕರಡು ತೆಗೆದು, ಓದಿ, ತಪ್ಪು ಮೊಳೆಗಳನ್ನು ಕಿತ್ತು ಸರಿಯಾದವನ್ನು ಕೂರಿಸಬೇಕು. ಇಷ್ಟು ಹೊತ್ತಿಗೆ ಗಂಟೆಗಟ್ಟಲೆ ಕೆಲಸವಾಗಿದ್ದರೂ ಓದುಗನ ಕೈಗೆ ಕೊಡಲು ಒಂದು ಪ್ರತಿಯೂ ಇರುವುದಿಲ್ಲ. ಆಮೇಲೆ ಒಬ್ಬ ಚರ್ಮದ ಉಂಡೆಗಳಿಂದ ಎಣ್ಣೆಮಸಿ ಹಚ್ಚುತ್ತಾನೆ, ಇನ್ನೊಬ್ಬ ಒದ್ದೆ ಮಾಡಿದ ಹಾಳೆಯನ್ನಿಟ್ಟು ಸನ್ನೆಗೋಲನ್ನು ಎಳೆಯುತ್ತಾನೆ. ಪಳಗಿದ ಇಬ್ಬರು ದಿನವೊಂದಕ್ಕೆ ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ಎಳೆಯಬಲ್ಲರು. ಐವತ್ತು ಪ್ರತಿಗೆ ನಿಲ್ಲಿಸಿದರೂ ಸಾವಿರಕ್ಕೆ ಮುಂದುವರಿಸಿದರೂ ಮೊಳೆ ಜೋಡಿಸಿದ, ಕರಡು ತಿದ್ದಿದ ಕೂಲಿ ಒಂದೇ. ಆದ್ದರಿಂದ ಐವತ್ತಕ್ಕೆ ನಿಲ್ಲಿಸುವುದು ಮುದ್ರಕನಿಗೆ ಯಾವ ರೀತಿಯಲ್ಲೂ ಗಿಟ್ಟುವುದಿಲ್ಲ.

ಇಲ್ಲಿಂದ ನಿಮ್ಮ ಅತ್ತಿಮಬ್ಬೆಯ ಪ್ರಶ್ನೆಗೆ ಬರಬಹುದು. ಸಾವಿರ ಓಲೆಗ್ರಂಥಗಳನ್ನು ಬರೆಸುವುದೆಂದರೆ ಕಂಟ ಹಿಡಿದು ಓಲೆಗರಿಯ ಮೇಲೆ ಅದೇ ಕಾವ್ಯವನ್ನು ಸಾವಿರ ಸಲ ಮೊದಲಿನಿಂದ ಕೊನೆಯವರೆಗೆ ಕೊರೆಸುವುದು. ಆ ವೆಚ್ಚವನ್ನು ಹೊರಲು ಅಂಥ ಸಿರಿ ಮತ್ತು ಅಂಥ ಶ್ರದ್ಧೆ ಎರಡೂ ಇದ್ದ ದಾನಿಯೇ ಬೇಕು. ಶಾಸ್ತ್ರದಾನ ಪುಣ್ಯವೆಂಬ ಜೈನ ನಂಬಿಕೆ ಅದರ ಹಿಂದೆ ಇತ್ತು, ಹಾಕಿದ ಹಣ ಮರಳಿ ಬರಲೆಂಬ ಅಪೇಕ್ಷೆ ಇರಲಿಲ್ಲ. ಕೈಬರಹದ ಲೋಕದಲ್ಲಿ ಪ್ರತಿಗಳ ಸಂಖ್ಯೆ ದಾನಿಯ ಸಂಕಲ್ಪ ಇದ್ದಷ್ಟು ದಿನ ಏರುತ್ತದೆ, ಅದು ಮುಗಿದಾಗ ನಿಲ್ಲುತ್ತದೆ. ಮುದ್ರಕನ ಸ್ಥಿತಿ ಇದಕ್ಕೆ ತೀರ ಬೇರೆ. ಅವನು ಯಾರೂ ಕೇಳುವ ಮೊದಲೇ ಸಾಲ ತಂದು ಕಾಗದ ಕೊಂಡು ನೂರಾರು ಪ್ರತಿಗಳನ್ನು ಅಚ್ಚು ಹಾಕಿರುತ್ತಾನೆ. ಅವು ಮಾರಾಟವಾಗದಿದ್ದರೆ ಮುಳುಗುತ್ತಾನೆ. ಹಾಗಾಗಿ ತನಗೆ ಗುರುತೇ ಇಲ್ಲದ ಓದುಗರನ್ನು, ತಾನು ಕಾಣದ ಊರುಗಳಲ್ಲಿ ಹುಡುಕಲೇಬೇಕಾಗುತ್ತದೆ. ವಿಚಾರಗಳು ವೇಗ ಪಡೆದದ್ದು ಮುದ್ರಕನ ಈ ಅನಿವಾರ್ಯತೆಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಆ ಅನಿವಾರ್ಯತೆ ಮೊದಲಿಗೆ ಅನೇಕರನ್ನು ಮುಳುಗಿಸಿತು. ಇಟಲಿಗೆ ಅಚ್ಚುಕಲೆಯನ್ನು ತಂದ ಸ್ವೈನ್‌ಹೈಮ್ ಮತ್ತು ಪನ್ನಾರ್ಟ್ಸ್ ಎಂಬ ಇಬ್ಬರು ಜರ್ಮನ್ನರು ರೋಮಿನಲ್ಲಿ ಪ್ರಾಚೀನ ಲ್ಯಾಟಿನ್ ಗ್ರಂಥಗಳನ್ನು ಸಾಮಾನ್ಯವಾಗಿ 275 ಪ್ರತಿಗಳಂತೆ ಅಚ್ಚು ಹಾಕುತ್ತಿದ್ದರು. 1472ರಲ್ಲಿ ಅವರ ಪರವಾಗಿ ಪೋಪ್ ನಾಲ್ಕನೇ ಸಿಕ್ಸ್ಟಸ್‌ಗೆ ಸಲ್ಲಿಸಿದ ಮನವಿಯಲ್ಲಿ, ಮನೆಯ ತುಂಬ ಮಾರಾಟವಾಗದ ಅಚ್ಚಾದ ಹಾಳೆಗಳೇ ಇವೆ, ಹೊಟ್ಟೆಪಾಡಿಗೆ ಬೇಕಾದದ್ದು ಏನೂ ಇಲ್ಲ ಎಂದು ಗೋಳಿಡಲಾಗಿದೆ. ಗುಟೆನ್‌ಬರ್ಗ್ ಮೈಂಜ್ ನಗರದಲ್ಲಿ ಸುಮಾರು 180 ಪ್ರತಿಗಳ ತನ್ನ ಬೈಬಲನ್ನು ಮುಗಿಸಿದ್ದು 1455ರ ಸುಮಾರಿಗೆ. 1500ರ ವೇಳೆಗೆ ಯುರೋಪಿನ ಇನ್ನೂರಕ್ಕೂ ಹೆಚ್ಚು ಊರುಗಳಲ್ಲಿ ಅಚ್ಚುಕೂಟ ಇದ್ದೋ ಇದ್ದು ಹೋಗಿಯೋ ಆಗಿತ್ತು. ಆದರೂ ಆ ಮೊದಲ ದಶಕಗಳಲ್ಲಿ ಹೊರಬಂದದ್ದರಲ್ಲಿ ಬಹುಪಾಲು ಹಳೆಯ ಲ್ಯಾಟಿನ್ ಗ್ರಂಥಗಳು, ಪೂಜಾ ಪುಸ್ತಕಗಳು, ಕಾನೂನಿನ ಹೊತ್ತಿಗೆಗಳು. ಯಂತ್ರವಿದ್ದರೂ ಹೊಸ ವಿಚಾರಗಳು ಬಿರುಸಾಗಿ ಹರಡಿದ್ದು ಅರುವತ್ತು ವರ್ಷಗಳ ನಂತರ. ಯಂತ್ರದ ವೇಗವೇ ಕಾರಣವಾಗಿದ್ದರೆ ಈ ವಿಳಂಬಕ್ಕೆ ವಿವರಣೆ ಸಿಗುವುದಿಲ್ಲ. ದಪ್ಪ ಪುಸ್ತಕದಲ್ಲಿ ಮುದ್ರಕನ ಬಂಡವಾಳ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತಿತ್ತು. ಕೆಲವೇ ದಿನಗಳಲ್ಲಿ ಅಚ್ಚಾಗಿ, ವಾರಗಳಲ್ಲಿ ಮಾರಾಟವಾಗಿ, ಹಣ ಮರಳಿ ಕೈಗೆ ಬರುವಂಥ ಬರವಣಿಗೆ ಅವನಿಗೆ ಬೇಕಿತ್ತು. ಅದನ್ನು ಒದಗಿಸಿದವನು ವಿಟ್ಟೆನ್‌ಬರ್ಗ್ ಎಂಬ ಚಿಕ್ಕ ಊರಿನ ಒಬ್ಬ ಅಧ್ಯಾಪಕ.

1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್, ಪಾಪದ ಶಿಕ್ಷೆಯನ್ನು ಮನ್ನಾ ಮಾಡುವುದಾಗಿ ಹೇಳಿ ಚರ್ಚಿನವರು ನಡೆಸುತ್ತಿದ್ದ ಪಾಪವಿಮೋಚನಾ ಪತ್ರಗಳ ಮಾರಾಟವನ್ನು ಪ್ರಶ್ನಿಸುವ 95 ವಾದಾಂಶಗಳನ್ನು ಮೈಂಜಿನ ಆರ್ಚ್‌ಬಿಷಪ್ಪನಿಗೆ ಕಳುಹಿಸಿದ. ಅವು ಲ್ಯಾಟಿನ್ನಿನಲ್ಲಿದ್ದವು, ವಿದ್ವಾಂಸರ ಚರ್ಚೆಗೆಂದು ಬರೆದವು. ಆ ವರ್ಷ ಮುಗಿಯುವುದರೊಳಗೆ ಲೀಪ್‌ಜಿಗ್, ನ್ಯೂರೆಂಬರ್ಗ್ ಮತ್ತು ಬಾಸೆಲ್ ನಗರಗಳಲ್ಲಿ ಅವು ಅಚ್ಚಾದವು. ಜನಸಾಮಾನ್ಯರಿಗೆ ಹೇಳುವುದಾದರೆ ಬೇರೆ ರೀತಿಯಲ್ಲಿ, ಇನ್ನೂ ಸ್ಪಷ್ಟವಾಗಿ ಹೇಳುತ್ತಿದ್ದೆನೆಂದು ಲೂಥರನಿಗೆ ಅನಿಸಿತು. 1518ರ ಮಾರ್ಚ್ ಸುಮಾರಿಗೆ ಅವನು ಅದೇ ವಿಷಯದ ಮೇಲೆ ಜರ್ಮನ್ ಭಾಷೆಯಲ್ಲಿ ಒಂದು ಕಿರುಹೊತ್ತಿಗೆ ಬರೆದ. ಅದರಲ್ಲಿದ್ದದ್ದು ಇಪ್ಪತ್ತು ಚಿಕ್ಕ ಪರಿಚ್ಛೇದಗಳು, ಒಟ್ಟು ಸುಮಾರು 1,500 ಪದಗಳು. ಒಂದೇ ಹಾಳೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕಿ ಎರಡು ಸಲ ಮಡಿಸಿದರೆ ಬರುವ ಎಂಟು ಪುಟಗಳಲ್ಲಿ ಅದು ಹಿಡಿಯುತ್ತಿತ್ತು. ಹೊಲಿಗೆ, ರಟ್ಟು, ಚರ್ಮದ ಹೊದಿಕೆ ಯಾವುದೂ ಬೇಕಿರಲಿಲ್ಲ.

ಈ ಕಿರುಹೊತ್ತಿಗೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಂಟು ಪುಟಗಳೆಂದರೆ ಎರಡು ಫಾರಂ. ಮೊಳೆ ಜೋಡಿಸಿ ತಿದ್ದಲು ಎರಡು ದಿನ, ಒಂದೊಂದು ಮಗ್ಗುಲಿಗೆ ಒಂದೊಂದು ದಿನದಂತೆ ಅಚ್ಚು ಹಾಕಲು ಎರಡು ದಿನ ಎಂದಿಟ್ಟುಕೊಂಡರೂ ಒಂದು ಸಾಧಾರಣ ಅಚ್ಚುಕೂಟ ವಾರದೊಳಗೆ ಸಾವಿರ ಪ್ರತಿಗಳನ್ನು ಕೊಡಬಲ್ಲದು. ಚುರುಕಾದ ಲಿಪಿಕಾರ ಅದನ್ನು ದಿನಕ್ಕೆ ಎರಡು ಸಲ ಬರೆಯಬಲ್ಲ ಎಂದುಕೊಂಡರೆ ಸಾವಿರ ಪ್ರತಿಗೆ ಅವನಿಗೆ 500 ದಿನ ಬೇಕು. 1518ರ ಒಂದೇ ವರ್ಷದಲ್ಲಿ ಈ ಬರಹದ ಹದಿನಾಲ್ಕರಷ್ಟು ಮುದ್ರಣಗಳು ಬಂದವು. ಒಂದೊಂದರಲ್ಲಿ ಸಾವಿರ ಪ್ರತಿ ಎಂದು ಹಿಡಿದರೆ 14,000 ಪ್ರತಿಗಳು, ಅಂದರೆ ಲಿಪಿಕಾರನ 7,000 ದಿನಗಳು. ಮೂವತ್ತು ಲಿಪಿಕಾರರನ್ನು ಕೂರಿಸಿದರೆ ವರ್ಷದೊಳಗೆ ಇದನ್ನೂ ಕೈಯಿಂದಲೇ ಮುಗಿಸಬಹುದು ಎಂಬುದನ್ನು ಗಮನಿಸಿ. ಆದ್ದರಿಂದ ಅದು ಅಸಾಧ್ಯವೇನೂ ಆಗಿರಲಿಲ್ಲ. ಆದರೆ ಆ ಮೂವತ್ತು ಜನರಿಗೆ ವರ್ಷವಿಡೀ ಕೂಲಿ ಕೊಡುವವರು ಯಾರು? ಅಧಿಕಾರಸ್ಥರಿಗೆ ಇಷ್ಟವಿಲ್ಲದ ವಿಚಾರಕ್ಕೆ ಅಂಥ ಆಶ್ರಯದಾತ ಸಿಗುವುದು ತೀರ ಕಷ್ಟ. ಅಚ್ಚಿನಲ್ಲಿ ಆಶ್ರಯದಾತನೇ ಬೇಕಾಗಲಿಲ್ಲ. ಚಿಲ್ಲರೆ ಕಾಸು ಕೊಟ್ಟು ಒಂದೊಂದು ಪ್ರತಿ ಕೊಂಡ ಸಾವಿರಾರು ಓದುಗರು ತಮಗೆ ಗೊತ್ತಿಲ್ಲದೆಯೇ ಆ ಖರ್ಚನ್ನು ಹಂಚಿಕೊಂಡರು.

ಆ ಹದಿನಾಲ್ಕು ಮುದ್ರಣಗಳು ಒಂದೇ ಊರಿನವಲ್ಲ ಎಂಬುದು ಇನ್ನೂ ಮುಖ್ಯ. ವಿಟ್ಟೆನ್‌ಬರ್ಗ್‌ನಲ್ಲಿ ಆಗ ಇದ್ದ ಮುದ್ರಕ ಯೋಹಾನ್ ರಾವ್-ಗ್ರೂನೆನ್‌ಬರ್ಗ್ ನಿಧಾನದ ಮನುಷ್ಯ, ಅವನ ಅಚ್ಚುಕೂಟವೂ ಚಿಕ್ಕದು. ಅಲ್ಲಿಂದಲೇ ಎಲ್ಲ ಪ್ರತಿಗಳೂ ಗಾಡಿಯೇರಿ ಹೋಗಬೇಕಾಗಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು. ನಡೆದದ್ದೆಂದರೆ, ಒಂದು ಪ್ರತಿ ಯಾವುದೋ ವ್ಯಾಪಾರಿಯ ಅಥವಾ ವಿದ್ಯಾರ್ಥಿಯ ಚೀಲದಲ್ಲಿ ಲೀಪ್‌ಜಿಗ್ ತಲುಪುತ್ತಿತ್ತು. ಅಲ್ಲಿನ ಮುದ್ರಕ ಯಾರ ಅನುಮತಿಯನ್ನೂ ಕೇಳದೆ ಅದನ್ನು ನೋಡಿಕೊಂಡು ತನ್ನ ಮೊಳೆ, ತನ್ನ ಕಾಗದದಲ್ಲಿ ಸಾವಿರ ಪ್ರತಿ ಹಾಕುತ್ತಿದ್ದ. ಅವುಗಳಲ್ಲೊಂದು ನ್ಯೂರೆಂಬರ್ಗ್ ಅಥವಾ ಔಗ್ಸ್‌ಬರ್ಗ್ ಸೇರುತ್ತಿತ್ತು, ಅಲ್ಲಿಂದ ಬಾಸೆಲ್ ತಲುಪುತ್ತಿತ್ತು. ಕಾಗದದ ಹೊರೆ ಭಾರವಾದದ್ದು, ಹದಗೆಟ್ಟ ದಾರಿಗಳಲ್ಲಿ ಅದನ್ನು ಸಾಗಿಸುವುದು ದುಬಾರಿ. ಆದರೆ ಇಲ್ಲಿ ಸಾಗಬೇಕಾದದ್ದು ಒಂದೇ ಒಂದು ಹಾಳೆ, ಉಳಿದದ್ದು ಆಯಾ ಊರಿನಲ್ಲೇ ಹುಟ್ಟುತ್ತಿತ್ತು. ಕೈಬರಹದಲ್ಲೂ ಒಂದು ಪ್ರತಿ ಇನ್ನೊಂದು ಊರಿಗೆ ಹೋಗಿ ನಕಲಾಗುವುದು ಉಂಟು. ಅಲ್ಲಿ ಅದು ಒಂದಕ್ಕೆ ಎರಡಾಗುತ್ತದೆ, ಇಲ್ಲಿ ಒಂದಕ್ಕೆ ಸಾವಿರ. ಇಂಥ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕೈಬರಹದ ಪ್ರತಿಗಳು ಬೆರಳೆಣಿಕೆಯಲ್ಲಿದ್ದರೆ ಅಚ್ಚಿನವು ನಾಲ್ಕು ಪ್ರಾಂತ್ಯಗಳಲ್ಲಿ ಸಾವಿರಗಳ ಲೆಕ್ಕದಲ್ಲಿರುತ್ತವೆ. ಲಾಭದ ಆಸೆಯೇ ಮುದ್ರಕರಿಂದ ಈ ಕೆಲಸ ಮಾಡಿಸಿತು. ಅವರಲ್ಲಿ ಎಲ್ಲರೂ ಲೂಥರನ ಅನುಯಾಯಿಗಳಾಗಿರಬೇಕಾದ ಅಗತ್ಯವೇ ಇರಲಿಲ್ಲ.

ಬಾಸೆಲಿನ ಮುದ್ರಕ ಯೋಹಾನ್ ಫ್ರೋಬೆನ್ ಬರೆದ ಒಂದು ಪತ್ರ ಈ ಜಾಲವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅವನು 1518ರ ಕೊನೆಯ ಭಾಗದಲ್ಲಿ ಲೂಥರನ ಲ್ಯಾಟಿನ್ ಬರಹಗಳನ್ನು ಒಟ್ಟುಗೂಡಿಸಿ ಒಂದು ಸಂಪುಟ ಹೊರತಂದಿದ್ದ. 1519ರ ಫೆಬ್ರವರಿಯಲ್ಲಿ ಲೂಥರನಿಗೇ ಬರೆದು, ಅದರ ಆರುನೂರು ಪ್ರತಿಗಳನ್ನು ಫ್ರಾನ್ಸ್ ಮತ್ತು ಸ್ಪೇನ್ ದೇಶಗಳಿಗೆ ಕಳುಹಿಸಿದ್ದೇನೆ, ಪ್ಯಾರಿಸಿನಲ್ಲಿ ಅವು ಮಾರಾಟವಾಗುತ್ತಿವೆ, ಪಾವಿಯಾದ ಪುಸ್ತಕ ವ್ಯಾಪಾರಿಯೊಬ್ಬ ಇಟಲಿಯಲ್ಲಿ ಹಂಚಲು ಬಹಳಷ್ಟು ಪ್ರತಿಗಳನ್ನು ಒಯ್ದಿದ್ದಾನೆ, ನನ್ನ ಬಳಿ ಉಳಿದಿರುವುದು ಹತ್ತೇ ಪ್ರತಿ ಎಂದು ತಿಳಿಸಿದ. ವಿಟ್ಟೆನ್‌ಬರ್ಗ್‌ನ ಒಬ್ಬ ಅಧ್ಯಾಪಕ ಎತ್ತಿದ ಪ್ರಶ್ನೆ ಹದಿನೈದು, ಹದಿನಾರು ತಿಂಗಳಲ್ಲಿ ಪ್ಯಾರಿಸಿನ ಅಂಗಡಿಗಳನ್ನು ಮುಟ್ಟಿತ್ತು. ಅದನ್ನು ಮುಟ್ಟಿಸಿದವನು ಅವನ ಊರಿನವನಲ್ಲ, ಅವನ ಒಡೆಯನ ಪ್ರಜೆಯೂ ಅಲ್ಲ.

ಇದರಿಂದ ವಿಚಾರವನ್ನು ಅಡಗಿಸುವ ಹಳೆಯ ಉಪಾಯ ಕೆಲಸಕ್ಕೆ ಬಾರದಂತಾಯಿತು. ಲೂಥರನಿಗೆ ನೂರು ವರ್ಷ ಮೊದಲು ಪ್ರಾಗ್ ನಗರದಲ್ಲಿ ಯಾನ್ ಹುಸ್ ಹತ್ತಿರಹತ್ತಿರ ಇಂಥದ್ದೇ ಪ್ರಶ್ನೆಗಳನ್ನು ಎತ್ತಿದ್ದ. ಅವನಿಗೆ ಪ್ರೇರಣೆಯಾಗಿದ್ದ ಇಂಗ್ಲೆಂಡಿನ ವಿಕ್ಲಿಫನ ಬರಹಗಳ ಸುಮಾರು ಇನ್ನೂರು ಹಸ್ತಪ್ರತಿಗಳನ್ನು 1410ರಲ್ಲಿ ಪ್ರಾಗ್‌ನ ಆರ್ಚ್‌ಬಿಷಪ್ ಸುಡಿಸಿದ. ಒಂದು ನಗರದಲ್ಲಿ ಇನ್ನೂರು ಹಸ್ತಪ್ರತಿ ಸುಟ್ಟರೆ ಹತ್ತಾರು ಜನರ ವರ್ಷಗಟ್ಟಲೆಯ ಬರವಣಿಗೆ ಬೂದಿಯಾಗುತ್ತದೆ, ಅದನ್ನು ಮತ್ತೆ ತುಂಬಿಕೊಳ್ಳಲು ಅಷ್ಟೇ ವರ್ಷಗಳ ದುಡಿಮೆ ಬೇಕು. 1415ರಲ್ಲಿ ಹುಸ್‌ನನ್ನೂ ಸುಟ್ಟುಹಾಕಲಾಯಿತು. ಪ್ರಾಗ್ ಇರುವ ಬೊಹೀಮಿಯಾ ಪ್ರಾಂತ್ಯದಲ್ಲಿ ಅವನ ಅನುಯಾಯಿಗಳು ಆಯುಧ ಹಿಡಿದು ಉಳಿದುಕೊಂಡರಾದರೂ ಅದರಾಚೆಗೆ ಅವನ ಬರಹಗಳು ಹೆಚ್ಚಾಗಿ ತಲುಪಲಿಲ್ಲ. 1520ರ ಜೂನ್‌ನಲ್ಲಿ ಪೋಪ್ ಲೂಥರನ 41 ಮಾತುಗಳನ್ನು ಖಂಡಿಸಿದ ಆಜ್ಞಾಪತ್ರ ಹೊರಟಿತು, ಅದೇ ವರ್ಷ ಲುವೆನ್ ಮತ್ತು ಕೊಲೋನ್ ನಗರಗಳಲ್ಲಿ ಅವನ ಪುಸ್ತಕಗಳನ್ನು ಬೆಂಕಿಗೆ ಹಾಕಲಾಯಿತು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ವಿಟ್ಟೆನ್‌ಬರ್ಗ್‌ನಲ್ಲಿ ಜರ್ಮನ್ ಶ್ರೀಮಂತ ಪ್ರಭುಗಳನ್ನು ಉದ್ದೇಶಿಸಿದ ಅವನ ಹೊಸ ಹೊತ್ತಿಗೆಯ 4,000 ಪ್ರತಿಗಳು ಕೆಲವೇ ದಿನಗಳಲ್ಲಿ ಖರ್ಚಾಗಿ ಎರಡನೇ ಮುದ್ರಣಕ್ಕೆ ಕೈಹಾಕಬೇಕಾಯಿತು. ಒಂದು ಊರಿನ ಚೌಕದಲ್ಲಿ ಎಷ್ಟು ಸುಟ್ಟರೂ ಬೇರೆ ಐದು ಊರುಗಳಲ್ಲಿ ವಾರದೊಳಗೆ ಅದಕ್ಕಿಂತ ಹೆಚ್ಚು ಹುಟ್ಟುತ್ತಿತ್ತು. ಹುಸ್ ಚರ್ಚಿನ ಬಗ್ಗೆ ಬರೆದಿದ್ದ ಗ್ರಂಥವೂ ಇದೇ ಅಲೆಯಲ್ಲಿ, ಅವನು ಸತ್ತು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1520ರಲ್ಲಿ ಹಾಗೆನಾವ್ ಎಂಬ ಊರಿನಲ್ಲಿ ಅಚ್ಚಾಯಿತು.

ವೇಗದ ಇನ್ನೊಂದು ಮುಖವೂ ಇದೆ, ಅದರ ಬಗ್ಗೆ ಸಾಮಾನ್ಯವಾಗಿ ಕಡಿಮೆ ಮಾತಾಡುತ್ತಾರೆ. ವಿಚಾರ ಹರಡುವುದೆಂದರೆ ಬರಿಯ ಪ್ರತಿಗಳು ಹರಡುವುದಲ್ಲ, ಅದಕ್ಕೆ ಉತ್ತರ ಬರಬೇಕು, ಉತ್ತರಕ್ಕೆ ಮರುತ್ತರ ಬರಬೇಕು. 1518ರ ಮಾರ್ಚ್‌ನ ಆ ಜರ್ಮನ್ ಕಿರುಹೊತ್ತಿಗೆಗೆ, ಪಾಪವಿಮೋಚನಾ ಪತ್ರಗಳನ್ನು ಸಾರುತ್ತಿದ್ದ ಯೋಹಾನ್ ಟೆಟ್ಸೆಲ್ ಏಪ್ರಿಲ್‌ನಲ್ಲೇ ಲೀಪ್‌ಜಿಗ್‌ನಿಂದ ಅಚ್ಚಿನಲ್ಲಿ ಉತ್ತರ ಕೊಟ್ಟ. ಇಪ್ಪತ್ತು ಪರಿಚ್ಛೇದಗಳನ್ನೂ ಒಂದೊಂದಾಗಿ ಎತ್ತಿಕೊಂಡು ಖಂಡಿಸಿದ. ಜೂನ್ ಹೊತ್ತಿಗೆ ಲೂಥರನ ಮರುತ್ತರವೂ ಅಚ್ಚಾಗಿತ್ತು. ಮೂರು ತಿಂಗಳಲ್ಲಿ ಮೂರು ಸುತ್ತು. ಹೀಗೆ ಅಂಶ ಅಂಶವಾಗಿ ವಾದಿಸಬೇಕಾದರೆ ವಾದಿ, ಪ್ರತಿವಾದಿ ಮತ್ತು ಓದುಗರ ಕೈಯಲ್ಲಿ ಬಹುಮಟ್ಟಿಗೆ ಒಂದೇ ಪಾಠ ಇರಬೇಕು. ಹಸ್ತಪ್ರತಿಗಳಲ್ಲಿ ಅದು ಖಾತ್ರಿ ಇರಲಿಲ್ಲ. ನಮ್ಮ ಹಳೆಯ ಓಲೆಗ್ರಂಥಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ 'ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ' ಎಂಬ ಶ್ಲೋಕವನ್ನು ನೀವು ಕೇಳಿರಬಹುದು. ಮುಂದಿದ್ದ ಪುಸ್ತಕ ಹೇಗಿತ್ತೋ ಹಾಗೆಯೇ ಬರೆದಿದ್ದೇನೆ, ತಪ್ಪಿರಲಿ ಒಪ್ಪಿರಲಿ ದೋಷ ನನ್ನದಲ್ಲ ಎಂಬುದು ಅದರ ತಾತ್ಪರ್ಯ. ಅದರಲ್ಲಿರುವ ಕಷ್ಟ ನಿಜವಾದದ್ದು. ಮುಂದಿದ್ದ ಪ್ರತಿಯ ತಪ್ಪುಗಳಿಗೆ ಲಿಪಿಕಾರನ ಕೈತಪ್ಪುಗಳು ಸೇರುತ್ತವೆ, ಅವುಗಳ ಮೇಲೆ ಮುಂದಿನವನ ತಪ್ಪುಗಳು ಸೇರುತ್ತವೆ, ಎಲ್ಲೋ ಒಬ್ಬ ವಿದ್ವಾಂಸ ತನ್ನ ಪ್ರತಿಯನ್ನು ತಿದ್ದಿಕೊಂಡರೆ ಅದು ಉಳಿದ ಪ್ರತಿಗಳಿಗೆ ತಲುಪುವ ದಾರಿಯೇ ಇಲ್ಲ.

ಅಚ್ಚಿನಲ್ಲಿ ತಪ್ಪುಗಳೇ ಇರುವುದಿಲ್ಲವೆಂದು ಇದರರ್ಥವಲ್ಲ. ಆತುರದಲ್ಲಿ ಮರುಮುದ್ರಿಸಿದವರ ಪ್ರತಿಗಳಲ್ಲಿ ಅವು ತುಂಬಿರುತ್ತಿದ್ದವು, ಒಂದು ಫಾರಂನಲ್ಲಿ ಆದ ತಪ್ಪು ಸಾವಿರ ಪ್ರತಿಗಳಲ್ಲಿ ಒಟ್ಟಿಗೇ ಬರುತ್ತದೆ. 1631ರಲ್ಲಿ ಲಂಡನ್ನಿನಲ್ಲಿ ರಾಜನ ಮುದ್ರಕರು ಹೊರತಂದ ಬೈಬಲಿನಲ್ಲಿ ದಶಾಜ್ಞೆಗಳ ನಡುವೆ ನಿಷೇಧ ಸೂಚಿಸುವ ಒಂದು ಚಿಕ್ಕ ಪದ ಬಿಟ್ಟುಹೋಗಿ, ವ್ಯಭಿಚಾರ ಮಾಡಬೇಕೆಂದು ದೇವರೇ ಆಜ್ಞಾಪಿಸಿದಂತಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. ಆದರೆ ತಪ್ಪು ಎಲ್ಲ ಪ್ರತಿಗಳಲ್ಲೂ ಒಂದೇ ಜಾಗದಲ್ಲಿ ಇದ್ದುದರಿಂದಲೇ ಅದನ್ನು ಗುರುತಿಸಿ, ಪ್ರತಿಗಳನ್ನು ಹಿಂದಕ್ಕೆ ತರಿಸಿ ನಾಶಮಾಡಲು ಸಾಧ್ಯವಾಯಿತು. ಅಚ್ಚಿನ ಪುಸ್ತಕಗಳಲ್ಲಿ ಒಪ್ಪೋಲೆ ಸೇರಿಸುವುದು, ಮುಂದಿನ ಮುದ್ರಣದಲ್ಲಿ ತಿದ್ದುವುದು, ಇಂಥ ಪುಟ ಇಂಥ ಸಾಲು ಎಂದು ದೂರದವನಿಗೆ ಬರೆದು ತಿಳಿಸುವುದು ಇವೆಲ್ಲ ಅರ್ಥಪೂರ್ಣವಾದದ್ದು ಪ್ರತಿಗಳು ಪರಸ್ಪರ ಹೋಲುವುದರಿಂದ.

ಇಷ್ಟಾದರೂ ಅಚ್ಚು ಒಂದೇ ಸಾಲದು. ಹದಿನಾರನೇ ಶತಮಾನದ ಆರಂಭದ ಜರ್ಮನಿಯಲ್ಲಿ ಓದಬಲ್ಲವರು ಕೆಲವರೇ, ಹಳ್ಳಿಗಳಲ್ಲಂತೂ ತೀರ ವಿರಳ. ಪ್ರತಿಯೊಂದನ್ನು ಒಬ್ಬ ಓದಿ ಹತ್ತಾರು ಜನ ಕೇಳುತ್ತಿದ್ದರು. ಚರ್ಚಿನ ಪ್ರವಚನ, ಪಾನಗೃಹದ ಮಾತು, ಬೀದಿಯ ಹಾಡು ಇವುಗಳ ಮೂಲಕ ಅಚ್ಚಿನ ಮಾತು ಅಕ್ಷರ ಬಾರದವರನ್ನು ಮುಟ್ಟಿತು. 1525ರ ಮಾರ್ಚ್‌ನಲ್ಲಿ ಮೆಮ್ಮಿಂಗೆನ್ ಎಂಬಲ್ಲಿ ದಕ್ಷಿಣ ಜರ್ಮನಿಯ ರೈತರ ಬೇಡಿಕೆಗಳನ್ನು ಹನ್ನೆರಡು ಅಂಶಗಳಾಗಿ ಬರೆಯಲಾಯಿತು. ಎರಡು ತಿಂಗಳಲ್ಲಿ ಅದು ಇಪ್ಪತ್ತೈದರಷ್ಟು ಸಲ ಬೇರೆಬೇರೆ ಊರುಗಳಲ್ಲಿ ಅಚ್ಚಾಯಿತು. ಹಾಳೆಯನ್ನು ತಾವೇ ಓದಲಾರದ ರೈತರು ಒಬ್ಬರನ್ನೊಬ್ಬರು ಕಾಣದ ಪ್ರಾಂತ್ಯಗಳಲ್ಲಿ ಅದೇ ಹನ್ನೆರಡು ಬೇಡಿಕೆಗಳನ್ನು ತಮ್ಮ ಒಡೆಯರ ಮುಂದಿಟ್ಟರು. ಅದೇ ವರ್ಷ ಅವರ ದಂಗೆಯನ್ನು ರಕ್ತ ಹರಿಸಿ ಹತ್ತಿಕ್ಕಲಾಯಿತು. ವಿಚಾರ ಹರಡುವ ವೇಗಕ್ಕೂ ಅದು ಗೆಲ್ಲುವುದಕ್ಕೂ ನೇರ ಸಂಬಂಧವಿಲ್ಲವೆಂಬುದು ಇಲ್ಲಿ ಕಾಣುತ್ತದೆ. ಮಾಟಗಾತಿಯರನ್ನು ಪತ್ತೆಹಚ್ಚಿ ಶಿಕ್ಷಿಸುವುದು ಹೇಗೆಂದು ಹೈನ್ರಿಖ್ ಕ್ರಾಮರ್ ಬರೆದ ಕುಖ್ಯಾತ ಕೈಪಿಡಿಯೂ 1480ರ ದಶಕದಲ್ಲಿ ಅಚ್ಚಾಗಿ ಇದೇ ಅಚ್ಚುಕೂಟಗಳ ಜಾಲದಲ್ಲಿ ಮತ್ತೆ ಮತ್ತೆ ಮರುಮುದ್ರಣ ಕಂಡಿತು. ಗಿಟ್ಟುತ್ತದೆಯೇ ಇಲ್ಲವೇ ಎಂಬುದನ್ನಷ್ಟೇ ಮುದ್ರಕ ನೋಡುತ್ತಿದ್ದ, ಬರಹದ ಸತ್ಯಾಸತ್ಯವನ್ನು ತೂಗುವ ವ್ಯವಸ್ಥೆ ಅಚ್ಚಿನೊಳಗೆ ಇರಲಿಲ್ಲ.

ಬಿಡಿ ಅಚ್ಚುಮೊಳೆಯ ಜಾಣತನವೇ ಇದಕ್ಕೆಲ್ಲ ಮೂಲವೆಂದು ಕೆಲವರು ಭಾವಿಸುತ್ತಾರೆ. ಮೊದಲ ಕನ್ನಡ ಪತ್ರಿಕೆಯ ಉದಾಹರಣೆ ಅದನ್ನು ಒಪ್ಪುವುದಿಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಒತ್ತಕ್ಷರ, ಗುಣಿತಾಕ್ಷರಗಳಿಂದಾಗಿ ಕನ್ನಡಕ್ಕೆ ನೂರಾರು ಬಗೆಯ ಮೊಳೆಗಳು ಬೇಕು, ಅವನ್ನು ಕೊರೆಸಿ ಎರಕ ಹೊಯ್ಯಿಸುವುದು ದೊಡ್ಡ ಖರ್ಚಿನ ಬಾಬತ್ತು. ಕಲ್ಲಚ್ಚಿನಲ್ಲಿ ಅದು ಬೇಕಿಲ್ಲ. ಅಲ್ಲಿ ಪುಟವನ್ನು ಕೈಯಿಂದಲೇ ಜಿಡ್ಡುಮಸಿಯಲ್ಲಿ ಒಮ್ಮೆ ಬರೆದು ಕಲ್ಲಿಗೆ ಇಳಿಸುತ್ತಾರೆ, ಕಲ್ಲನ್ನು ಒದ್ದೆ ಮಾಡಿ ಮಸಿ ಹಚ್ಚಿದರೆ ಅದು ಅಕ್ಷರಗಳಿಗೆ ಮಾತ್ರ ಹಿಡಿಯುತ್ತದೆ. ಅಂದರೆ ಅಲ್ಲಿಯೂ ಲಿಪಿಕಾರ ಇದ್ದ, ಅವನ ಕೈಬರಹವೂ ಇತ್ತು. ಅವನು ಬರೆಯುತ್ತಿದ್ದದ್ದು ಮಾತ್ರ ಒಂದೇ ಸಲ. ಉಳಿದ ಪ್ರತಿಗಳನ್ನು ಕಲ್ಲು ಕೊಡುತ್ತಿತ್ತು, ಆ ಪತ್ರಿಕೆಯನ್ನು ಒಂದು ದುಡ್ಡಿಗೆ ಮಾರುವುದು ಅದರಿಂದ ಸಾಧ್ಯವಾಯಿತು.